ಕೋಡ್ ಬರೆಯುತ್ತಿದ್ದವನೇ ಪ್ರಾಜೆಕ್ಟ್ ಬಿಟ್ಟುಹೋದಾಗ

ಪ್ರಶ್ನೆ: ನಾನು ಫೈನಲ್ ಇಯರ್ ಪ್ರಾಜೆಕ್ಟ್‌ನ ಟೀಮ್ ಲೀಡರ್. ಕೋಡಿಂಗ್ ಪೂರ್ತಿ ನೋಡಿಕೊಳ್ಳುತ್ತಿದ್ದ ಹುಡುಗ ಕಾಲೇಜು ಬಿಟ್ಟ. ವೈವಾಕ್ಕೆ ಇಪ್ಪತ್ತು ದಿನ ಇದೆ, ಕೆಲಸ ಮೊದಲೇ ಹಿಂದೆ ಬಿದ್ದಿದೆ. ಈ ಪರಿಸ್ಥಿತಿಯಿಂದ ಯಾರಾದರೂ ಪಾರಾಗಿದ್ದೀರಾ? ಹೇಗೆ?

ಪಾರಾಗಿದ್ದೇನೆ, ಆದರೆ ನಾವು ಮೊದಲು ಹೇಳಿಕೊಂಡಿದ್ದ ಪ್ರಾಜೆಕ್ಟಿನ ಕಾಲು ಭಾಗವನ್ನಷ್ಟೇ ಉಳಿಸಿಕೊಂಡು. ಆ ಕಾಲು ಭಾಗ ಯಾವುದೆಂದು ತೀರ್ಮಾನಿಸಿದ್ದೇ ನಮ್ಮನ್ನು ಉಳಿಸಿತು.

ಉಡುಪಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾವು ನಾಲ್ವರಿದ್ದೆವು. ಸ್ವರ್ಣಾ ನದಿಯ ಕೆಳಪಾತ್ರದ ಊರುಗಳಲ್ಲಿ ಬೇಸಿಗೆ ಬಂದು ನದಿಯ ಹರಿವು ಇಳಿದಾಗ, ಸಮುದ್ರದ ಉಬ್ಬರದ ಜೊತೆ ಉಪ್ಪುನೀರು ತೋಡುಗಳೊಳಗೆ ಏರಿ ಬರುತ್ತದೆ. ಅದು ತಿಳಿಯದೆ ಬೆಳಿಗ್ಗೆ ಮೋಟರ್ ಹಾಕಿದವರ ಬಸಳೆ, ಹರಿವೆಗಳ ಎಲೆಯಂಚು ವಾರದೊಳಗೆ ಸುಟ್ಟಂತಾಗುತ್ತದೆ. ಉಪ್ಪುನೀರು ಬಂದ ಕೂಡಲೇ ರೈತನಿಗೆ ತಿಳಿಸುವ ಎಚ್ಚರಿಕೆ ವ್ಯವಸ್ಥೆ ನಮ್ಮ ವಿಷಯವಾಗಿತ್ತು. ಸಿನಾಪ್ಸಿಸ್‌ನಲ್ಲಿ ನಾವು ಬರೆದುಕೊಟ್ಟದ್ದು ಇದಕ್ಕಿಂತ ಬಹಳ ಹೆಚ್ಚು: ಐದು ಕಡೆ ಸೆನ್ಸರ್, ಮೊಬೈಲ್ ಆ್ಯಪ್, ತಾನಾಗಿಯೇ ಆಫ್ ಆಗುವ ಮೋಟರ್, ಜೊತೆಗೆ ಮುಂದಿನ ವಾರದ ಉಪ್ಪಿನ ಮುನ್ಸೂಚನೆ. ಆ ಹುಮ್ಮಸ್ಸಿನ ಬಹುಪಾಲು ನನ್ನದೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ವೈವಾಕ್ಕೆ ಇಪ್ಪತ್ತೆರಡು ದಿನವಿದ್ದಾಗ ನಮ್ಮ ಬ್ರಹ್ಮಾವರದ ಗೆಳೆಯನಿಂದ ವಾಟ್ಸ್ಆ್ಯಪ್ ಸಂದೇಶ ಬಂತು. ಮುಂಬೈಯಲ್ಲಿ ಅವರದ್ದೊಂದು ಸಣ್ಣ ಹೋಟೆಲಿತ್ತು. ತಂದೆಗೆ ಪಾರ್ಶ್ವವಾಯು ಹೊಡೆದಿತ್ತು, ಗಲ್ಲಾದಲ್ಲಿ ಕೂರಲು ಬೇರೆ ಯಾರೂ ಇರಲಿಲ್ಲ. ಈ ಸೆಮಿಸ್ಟರ್ ಬಿಡುತ್ತಿದ್ದೇನೆ, ಕ್ಷಮಿಸಿ ಎಂದು ಎರಡು ಸಾಲು ಬರೆದಿದ್ದ. ಕೋಡ್ ಪೂರ್ತಿ ಅವನ ಕೈಯಲ್ಲಿತ್ತು. ಕುಂದಾಪುರದವನು ಫೋನ್ ಮಾಡಿ, “ಎಂತ ಮಾಡುದು ಈಗ?” ಎಂದು ಕೇಳಿದ್ದಕ್ಕೆ, “ನಾನು ನೋಡ್ಕೊಳ್ತೇನೆ” ಎಂದುಬಿಟ್ಟೆ. ಅದು ನನ್ನ ಮೊದಲ ತಪ್ಪು. ಗೈಡ್ ಮೇಡಂಗೆ ಹೇಳದೆ, ಅವನ ಕೆಲಸವನ್ನು ನಾನೇ ಮೊದಲಿನಿಂದ ಬರೆಯುತ್ತೇನೆಂದು ಹಟ ಹಿಡಿದು ಮೂರು ದಿನ ಕಳೆದೆ. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಬಳಿ ಇದ್ದದ್ದು, ಅವನು ಎರಡು ತಿಂಗಳ ಹಿಂದೆಯೇ ಮಾಡಿ ಮುಗಿಸಿದ್ದರ ಒಂದು ಕಳಪೆ ನಕಲು ಮಾತ್ರ.

ಆ ದಿನ ಲ್ಯಾಬಿನಲ್ಲಿ ಮೂವರೂ ಕುಳಿತು ಇರುವ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿದೆವು. ಹಿಂದಿನ ತಿಂಗಳ ಪ್ರಗತಿ ವರದಿಯಲ್ಲಿ ‘ಮುಗಿದಿದೆ’ ಎಂದು ಬರೆದಿದ್ದ ಒಂಬತ್ತು ಅಂಶಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಈಗ, ಇಲ್ಲಿ, ನನ್ನೆದುರು ಓಡಿಸಬಹುದೇ? ಓಡಿದ್ದು ನಾಲ್ಕು. ಉಳಿದವುಗಳಲ್ಲಿ ಕೆಲವು ಅವನ ಲ್ಯಾಪ್‌ಟಾಪಿನಲ್ಲಿದ್ದವು, ಕೆಲವು ಯಾರ ಬಳಿಯೂ ಇರಲಿಲ್ಲ. ಗಿಟ್‌ಹಬ್‌ನಲ್ಲಿದ್ದ ಕೋಡ್ ನಲವತ್ತು ದಿನ ಹಳೆಯದು. ಕೆಲಸ ಹಂಚಿಕೊಳ್ಳುವ ಮೊದಲು ಈ ಲೆಕ್ಕ ಮಾಡಲೇಬೇಕು, ಇಲ್ಲವಾದರೆ ಇಲ್ಲದ ವಸ್ತುವಿನ ಮೇಲೆ ಕಟ್ಟಡ ಏಳಿಸಲು ಹೊರಡುತ್ತೀರಿ. ನಿಮ್ಮ ಇಪ್ಪತ್ತು ದಿನಗಳಲ್ಲಿ ಮೊದಲ ಅರ್ಧ ದಿನ ಇದಕ್ಕೇ ಹೋಗಲಿ.

ಮಧ್ಯಾಹ್ನವೇ ಮೇಡಂ ಬಳಿ ಹೋದೆ. ಅವರು ಬೈದದ್ದು ಗೆಳೆಯ ಹೋದದ್ದಕ್ಕಲ್ಲ, ಮೂರು ದಿನ ಮುಚ್ಚಿಟ್ಟದ್ದಕ್ಕೆ.

ರಾತ್ರಿ ಹೋಟೆಲ್ ಬಾಗಿಲು ಹಾಕುವ ಹೊತ್ತಿಗೆ, ಹನ್ನೊಂದೂವರೆಗೆ, ಮುಂಬೈಗೆ ಫೋನ್ ಮಾಡಿದೆ. ಆ ಮೂರು ದಿನ ಅವನ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು, ಆದರೆ ಹಿಂದಿನಿಂದ ಪಾತ್ರೆಗಳ ಸದ್ದು ಕೇಳುವಾಗ ಸಿಟ್ಟಿನ ಮಾತು ಬಾಯಿಗೆ ಬರಲಿಲ್ಲ. ಅವನಿಂದ ಮೂರನ್ನಷ್ಟೇ ಕೇಳಿದೆ: ಅಚ್ಚುಕಟ್ಟು ಮಾಡದೆ ಇದ್ದ ಹಾಗೆಯೇ ಕೋಡಿನ ಇಡೀ ಫೋಲ್ಡರ್, ಅವನ ಮೇಲ್ ಐಡಿಯಲ್ಲಿ ತೆರೆದ ಖಾತೆಗಳ ಪಾಸ್‌ವರ್ಡ್, ಮತ್ತು ಒಂದು ಗಂಟೆ ಮಾತು. ಮಾತನ್ನು ಅವನಿಗೆ ಹೇಳಿಯೇ ರೆಕಾರ್ಡ್ ಮಾಡಿಕೊಂಡೆವು. ಬಿಟ್ಟುಹೋದವರಿಂದ ಕೆಲಸ ಕೇಳಿದರೆ ಸಿಗುವುದಿಲ್ಲ, ಆದರೆ ಒಂದು ಗಂಟೆ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. “ಎಲ್ಲಿ ತೊಂದರೆ ಇದೆ?” ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಸೆನ್ಸರ್ ಬೇರೆ ಓಡ್ತದೆ, ವೈಫೈ ಬೇರೆ ಓಡ್ತದೆ. ಎರಡೂ ಒಟ್ಟಿಗೆ ಒಂದು ದಿನವೂ ಓಡ್ಲಿಲ್ಲ ಮಾರಾಯ್ತಿ. ನಾನು ಹೇಳ್ಲಿಲ್ಲ.”

ಪ್ರಗತಿ ಪರಿಶೀಲನೆಯ ದಿನ ಅವನು ಎರಡನ್ನೂ ಬೇರೆ ಬೇರೆಯಾಗಿ ತೋರಿಸಿದ್ದ, ನಾವೆಲ್ಲ ತಲೆಯಾಡಿಸಿದ್ದೆವು. ಅಂದರೆ ಅವನು ಇದ್ದಿದ್ದರೂ ನಮ್ಮ ಪ್ರಾಜೆಕ್ಟ್ ತಡವಾಗಿಯೇ ಇತ್ತು, ನಮಗದು ಗೊತ್ತಿರಲಿಲ್ಲ ಅಷ್ಟೆ.

ಈ ಗಂಟನ್ನು ಬಿಡಿಸಿದವಳು ನಮ್ಮ ಹುಬ್ಬಳ್ಳಿಯವಳು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಅಗ್ಗದ ಟಿಡಿಎಸ್ ಸೆನ್ಸರನ್ನು ನಾವು ಇಎಸ್‌ಪಿ-32 ಬೋರ್ಡಿಗೆ ಜೋಡಿಸಿದ್ದೆವು. ಸೀರಿಯಲ್ ಮಾನಿಟರಿನಲ್ಲಿ ಅರ್ಥವಿಲ್ಲದ ಅಂಕಿಗಳು ಬರುತ್ತಿದ್ದವು. ಕೋಡಿನಲ್ಲಿ `WiFi.begin` ಇರುವ ಸಾಲನ್ನು ಅವಳು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಿದಳು, ಅಂಕಿಗಳು ಸರಿಯಾದವು. ಮರಳಿ ಹಾಕಿದಳು, ಕೆಟ್ಟವು. ತಪ್ಪು ಸೆನ್ಸರಿನದ್ದೂ ಅಲ್ಲ, ಲೆಕ್ಕದ್ದೂ ಅಲ್ಲ ಎಂದು ಅಲ್ಲಿಗೇ ಖಚಿತವಾಯಿತು. ಆ ಚಿಪ್ಪಿನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಎರಡು ಘಟಕಗಳಿವೆ, ಎರಡನೆಯದನ್ನು ವೈಫೈ ಕೂಡ ಬಳಸುತ್ತದೆ. ವೈಫೈ ಓಡುತ್ತಿರುವಾಗ ಆ ಎರಡನೆಯ ಘಟಕಕ್ಕೆ ಸೇರಿದ ಪಿನ್‌ಗಳಲ್ಲಿ ಸೆನ್ಸರನ್ನು ನಂಬಿಕೆಯಿಂದ ಓದಲಾಗುವುದಿಲ್ಲ. ನಮ್ಮ ಸೆನ್ಸರ್ ಇದ್ದದ್ದು 26ನೆಯ ಪಿನ್ನಿನಲ್ಲಿ, ಅದು ಎರಡನೆಯ ಘಟಕದ್ದು. 32ರಿಂದ 39ರವರೆಗಿನವು ಮೊದಲನೆಯದಕ್ಕೆ ಸೇರಿದವು. ಒಂದು ವಯರನ್ನು ಕಿತ್ತು 34ಕ್ಕೆ ಚುಚ್ಚಿ, ಒಂದು ಸಾಲು ಬದಲಿಸಿದಳು:

```
const int tdsPin = 34;
```

ಎರಡು ತಿಂಗಳು ನಿಂತಿದ್ದ ಕೆಲಸ ಸಂಜೆ ಕಾಫಿಯ ಹೊತ್ತಿಗೆ ಓಡತೊಡಗಿತು. ಅವಳಿಗೆ ಆ ತನಕ ನಾವು ಕೊಟ್ಟಿದ್ದ ಕೆಲಸ ಪಿಪಿಟಿ ಮಾಡುವುದು ಎಂಬುದನ್ನೂ ಇಲ್ಲಿ ಬರೆಯಬೇಕು.

ಇನ್ನು ಏನನ್ನು ಬಿಡುವುದು ಎಂಬ ಪ್ರಶ್ನೆ. ಒಂದು ಹಾಳೆಯಲ್ಲಿ ಎಡಕ್ಕೆ ಸಿನಾಪ್ಸಿಸ್‌ನಲ್ಲಿ ಹೇಳಿದ್ದನ್ನು, ಬಲಕ್ಕೆ ಉಳಿದ ದಿನಗಳಲ್ಲಿ ಆಗುವುದನ್ನು ಬರೆದು ಮೇಡಂ ಮುಂದಿಟ್ಟೆ. ಅವರು ಸೆನ್ಸರಿನ ಮಾಹಿತಿ ಪತ್ರವನ್ನು ತರಿಸಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು: ಅಳತೆಯ ಮಿತಿ 0–1000 ಪಿಪಿಎಂ. ಸಮುದ್ರದ ನೀರಿನಲ್ಲಿರುವ ಲವಣ ಸುಮಾರು 35,000 ಪಿಪಿಎಂ. ಅಂದರೆ ಉಪ್ಪು ಎಷ್ಟಿದೆ ಎಂದು ಅಳೆದು ಗ್ರಾಫ್ ಬಿಡಿಸುವ ನಮ್ಮ ಕನಸು ಆ ಸೆನ್ಸರಿನಿಂದ ಎಂದೂ ಆಗುವಂಥದ್ದಾಗಿರಲಿಲ್ಲ, ಸಾವಿರ ದಾಟಿದ ಮೇಲೆ ಅದಕ್ಕೆ ಎಲ್ಲ ನೀರೂ ಒಂದೇ. ಆದರೆ ನೀರಾವರಿಗೆ 450 ಪಿಪಿಎಂ ಒಳಗಿನ ನೀರು ತೊಂದರೆಯಿಲ್ಲದ್ದು, 2000 ದಾಟಿದರೆ ತೀವ್ರ ತೊಂದರೆ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ. 450ರ ಗೆರೆ ನಮ್ಮ ಸೆನ್ಸರಿನ ಮಿತಿಯೊಳಗೇ ಇತ್ತು. “ಶೀರ್ಷಿಕೆಯಲ್ಲಿ ‘ಎಚ್ಚರಿಕೆ’ ಅಂತ ಇದೆ, ‘ಮಾಪನ’ ಅಂತ ಇಲ್ಲ. ಎಚ್ಚರಿಕೆ ಮಾಡಿ ತನ್ನಿ” ಎಂದರು ಮೇಡಂ. ಆ್ಯಪ್, ಮುನ್ಸೂಚನೆ, ಮೋಟರ್, ಉಳಿದ ನಾಲ್ಕು ಜಾಗಗಳು ಎಲ್ಲವೂ ಹೋದವು. ಒಂದು ಜಾಗ, ಒಂದು ಗೆರೆ, ಒಂದು ಬಝರ್, ಫೋನಿಗೊಂದು ಸಂದೇಶ ಉಳಿದವು. ಬಿಟ್ಟದ್ದನ್ನೆಲ್ಲ ಕಾರಣ ಸಹಿತ ರಿಪೋರ್ಟಿನ ಮಿತಿಗಳ ಅಧ್ಯಾಯದಲ್ಲಿ ಬರೆಯಬೇಕೆಂದು ತಾಕೀತು ಮಾಡಿ ಹಾಳೆಗೆ ಸಹಿ ಹಾಕಿದರು. ಆ ಸಹಿಯನ್ನು ನೀವೂ ಪಡೆಯಿರಿ. ಬಾಯಿಮಾತಿನಲ್ಲಿ ಕಡಿಮೆ ಮಾಡಿದ ಕೆಲಸ ವೈವಾದ ದಿನ ‘ಮಾಡದ ಕೆಲಸ’ವಾಗುತ್ತದೆ.

ದಿನಚರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಪ್ರತಿಯೊಬ್ಬರೂ ಅಂದು ಓಡಿದ್ದರ ಅರ್ಧ ನಿಮಿಷದ ವಿಡಿಯೋ ಗುಂಪಿಗೆ ಹಾಕಬೇಕು, “ಆಲ್ಮೋಸ್ಟ್ ಆಯ್ತು” ಎಂಬ ಮಾತಿಗೆ ಅವಕಾಶವಿಲ್ಲ ಎಂದು ನಿಯಮ ಮಾಡಿಕೊಂಡೆವು. ಯಾವ ಕೆಲಸವೂ ಒಬ್ಬರಿಗೇ ಗೊತ್ತಿರಬಾರದು ಎಂಬುದು ಇನ್ನೊಂದು ನಿಯಮ. ಕುಂದಾಪುರದವನು ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಉಪ್ಪು ತೂಗಿ, ಡಿಸ್ಟಿಲ್ಡ್ ನೀರಿನ ಲೀಟರಿಗೆ ಅರ್ಧ ಗ್ರಾಂ, ಕಾಲು ಗ್ರಾಂ ಬೆರೆಸಿ ಸೆನ್ಸರನ್ನು ಹೊಂದಿಸುತ್ತಿದ್ದಾಗ, ಅಂಕಿಗಳನ್ನು ಬರೆದುಕೊಂಡು ರಿಪೋರ್ಟಿಗೆ ಸೇರಿಸುವ ಕೆಲಸ ನನ್ನದಾಗಿತ್ತು. ವೈವಾಕ್ಕೆ ಐದು ದಿನವಿದ್ದಾಗ ಕೋಡ್ ಮುಟ್ಟುವುದನ್ನೇ ನಿಲ್ಲಿಸಿದೆವು.

ಆ ಐದರಲ್ಲಿ ಮೂರು ರಾತ್ರಿ ಪೆಟ್ಟಿಗೆ ತೋಡಿನ ಬದಿಯ ಪಂಪ್ ಶೆಡ್ಡಿನಲ್ಲಿತ್ತು. ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದ ದಿನಗಳನ್ನೇ ಆರಿಸಿಕೊಂಡಿದ್ದೆವು. ಮೊದಲ ದಿನ ಮಧ್ಯಾಹ್ನವೇ ಬಝರ್ ಸುಳ್ಳು ಸುಳ್ಳೇ ಕೂಗಿತು. ನೀರು ಬಿಸಿಯಾದರೆ ಅದೇ ಉಪ್ಪಿಗೂ ವಿದ್ಯುದ್ವಾಹಕತೆ ಒಂದು ಡಿಗ್ರಿಗೆ ಸುಮಾರು ಶೇ. 2ರಷ್ಟು ಏರುತ್ತದೆ, ಬಿಸಿಲಿಗೆ ಕಾದ ತೆಳು ನೀರಿನಲ್ಲಿ ಸೆನ್ಸರ್ ಇಳಿಬಿಟ್ಟಿದ್ದೆವು. ಕೋಡ್ ಮುಟ್ಟದೆ ಸೆನ್ಸರನ್ನು ನೆರಳಿನ ಆಳ ನೀರಿಗೆ ಸರಿಸಿದೆವು. ಎರಡನೆಯ ರಾತ್ರಿ ನೆಟ್‌ವರ್ಕ್ ಇಲ್ಲದೆ ಸಂದೇಶ ಹೋಗಲಿಲ್ಲ, ಬಝರ್ ಮಾತ್ರ ಕೂಗಿತು. ಮೂರನೆಯ ರಾತ್ರಿ ಎರಡೂ ಕೆಲಸ ಮಾಡಿದವು. ತೋಟದ ಅಜ್ಜ ಟಾರ್ಚ್ ಹಿಡಿದು ಬಂದು, ನೀರಿಗೆ ಬೆರಳದ್ದಿ ನಾಲಗೆಗಿಟ್ಟು, “ಉಪ್ಪಿಲ್ಲ ಮಗಾ” ಎಂದರು. ಅರ್ಧ ಗಂಟೆ ಬಿಟ್ಟು ಮತ್ತೆ ಅದ್ದಿ ನೋಡಿ ಏನೂ ಹೇಳದೆ ಹೋಗಿ ಮೋಟರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, “ಈ ಕೋಡ್ ಬರೆದವರು ಯಾರು?” ಎಂದು ಕೇಳಿದರು. ಬಹುಪಾಲು ಈಗ ನಮ್ಮ ಜೊತೆಯಲ್ಲಿಲ್ಲದ ಗೆಳೆಯ ಬರೆದದ್ದು, ನಾವು ಬದಲಿಸಿದ್ದು ಇಷ್ಟು ಎಂದು ಪುಟ ತೆರೆದು ತೋರಿಸಿದೆ. ಅವನ ಕೆಲಸ ಯಾವುದೆಂದು ಕೃತಜ್ಞತೆಯ ಪುಟದಲ್ಲಿಯೂ ಸ್ಪಷ್ಟವಾಗಿ ಬರೆದಿದ್ದೆವು. ಪರೀಕ್ಷಕರು ಕೋಡಿನ ಮಧ್ಯದ ಒಂದು ತುಂಡನ್ನು ತೋರಿಸಿ ವಿವರಿಸಲು ಹೇಳಿದಾಗ ಹುಬ್ಬಳ್ಳಿಯವಳು ಸಲೀಸಾಗಿ ಹೇಳಿದಳು, ಕುಂದಾಪುರದವನು ತಡವರಿಸಿದ, ಅವನಿಗೆ ನಮ್ಮಿಬ್ಬರಿಗಿಂತ ಕಡಿಮೆ ಅಂಕ ಬಂತು. ಎರಡನೆಯ ನಿಯಮವನ್ನು ನಾನು ಅವನ ವಿಷಯದಲ್ಲಿ ಸಡಿಲ ಬಿಟ್ಟಿದ್ದೆ.

ಅಂದು ರಾತ್ರಿ ಹನ್ನೊಂದೂವರೆಗೆ ಮುಂಬೈಯಿಂದ ಫೋನ್ ಬಂತು. ಅಂಕದ ವಿಚಾರ ಅವನು ಕೇಳಲಿಲ್ಲ. “ಅದು ಯಾಕೆ ಓಡ್ತಿರ್ಲಿಲ್ಲ?” ಎಂದ. ಪಿನ್ನಿನ ಕಥೆ ಹೇಳಿದೆ. ಆ ಕಡೆ ಯಾರೋ ಶಟರ್ ಎಳೆಯುವ ಸದ್ದು ಮುಗಿಯುವವರೆಗೆ ಮಾತಿಲ್ಲ.

“ಒಂದು ವಯರಾ ಮಾರಾಯ್ತಿ?” ಎಂದು ನಗತೊಡಗಿದ.