ಬಿಸಿನೀರಲ್ಲಿ ತೊಳೆದರೂ ಹಾಲಿನ ಕ್ಯಾನು ಹುಳಿ ವಾಸನೆ ಯಾಕೆ?

"ಜಮಖಂಡಿ ಹತ್ರ ನಮ್ಮದು 4 ಎಮ್ಮೆ. ದಿನಾ ಕುದಿಯೋ ನೀರಲ್ಲೇ ಸ್ಟೀಲ್ ಕ್ಯಾನ್ ತೊಳೀತೀವಿ, ಆದ್ರೂ ಬೆಳಿಗ್ಗೆ ಮುಚ್ಚಳ ತೆಗೆದ್ರೆ ಹುಳಿ ವಾಸನೆ. ಯಾಕ್ರೀ?"

ಕುದಿಯೋ ನೀರು ಕೊನೆಗೆ ಬರಬೇಕು, ನೀವು ಮೊದಲೇ ಹಾಕುತ್ತಿದ್ದೀರಿ. ಅಷ್ಟು ಬಿಸಿಗೆ ಹಾಲಿನ ಪ್ರೋಟೀನು ಬೆಂದು ಲೋಹಕ್ಕೆ ಅಂಟಿಬಿಡುತ್ತದೆ, ಆಮೇಲೆ ಆ ಪದರದಲ್ಲಿ ಅಡಗಿದ ಬ್ಯಾಕ್ಟೀರಿಯಾ ರಾತ್ರಿಯಿಡೀ ಬೆಳೆಯುತ್ತದೆ.

ಹಾಲು ಸುರಿದ ಕೂಡಲೇ, ಒಣಗೋಕೆ ಬಿಡದೆ, ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ ಚೆಲ್ಲಿ. ನೀರು ಬೆಳ್ಳಗೆ ಬರೋದು ನಿಲ್ಲಬೇಕು. ಆಮೇಲೆ ಕೈ ತಡೆಯುವಷ್ಟು ಬಿಸಿನೀರು, ವಾಷಿಂಗ್ ಸೋಡಾ, ಬ್ರಷ್ (ಅಲ್ಯೂಮಿನಿಯಂ ಕ್ಯಾನಾದರೆ ಸೋಡಾ ಬೇಡ, ಲೋಹವನ್ನೇ ತಿನ್ನುತ್ತದೆ). ಕುತ್ತಿಗೆಯ ಒಳಅಂಚು ಉಜ್ಜಿ, ಮುಚ್ಚಳದ ರಬ್ಬರ್ ಬಿಚ್ಚಿಯೇ ತೊಳೆಯಿರಿ. ನನ್ನ ಅನುಭವದಲ್ಲಿ ವಾಸನೆ ಜಾಸ್ತಿ ಇರೋದು ಅಲ್ಲೇ. ಸೋಡಾ ಪೂರ್ತಿ ಹೋಗೋ ಹಾಗೆ ಜಾಲಿಸಿ, ಈಗ ಕುದಿಯೋ ನೀರು ಹಾಕಿ ಮುಚ್ಚಿ ಐದು ನಿಮಿಷ ಬಿಡಿ.

ಚೆಲ್ಲಿ, ಬಟ್ಟೆಯಲ್ಲಿ ಒರೆಸಬೇಡಿ, ಆ ಬಟ್ಟೆಯೇ ಕೊಳೆ ಅಲ್ವಾ. ಮುಚ್ಚಳ ಬೇರೆ ಇಟ್ಟು, ಕ್ಯಾನನ್ನು ನೆಲಕ್ಕಲ್ಲ, ಕಟ್ಟಿಗೆ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ. ಕೆಳಗಿಂದ ಗಾಳಿ ಆಡಬೇಕು. ಒಳಗೆ ತೇವ ಉಳಿದು ಮುಚ್ಚಳ ಹಾಕಿದರೆ ಮತ್ತೆ ಅದೇ ವಾಸನೆ.

ಒಣಗಿದ ಮೇಲೆ ಬೆರಳಾಡಿಸಿ ನೋಡಿ. ಬಿಳಿ, ತರಿತರಿ ಪದರ ಸಿಕ್ಕರೆ ಅದು ಹಾಲುಕಲ್ಲು. ಬೋರಿನ ಗಡಸು ನೀರಿಗೆ ಬೇಗ ಕಟ್ಟುತ್ತದೆ, ಸೋಡಾಕ್ಕೆ ಬಿಡೋದಿಲ್ಲ, ಡೈರಿಯವರು ಬಳಸುವ ಆಸಿಡ್ ಕ್ಲೀನರ್ ಬೇಕು. ಅದನ್ನು ಬ್ಲೀಚಿಂಗ್ ಜೊತೆ ಮಾತ್ರ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.