ತಿಂಗಳದ್ದಾ ವರ್ಷದ್ದಾ ಅಂತ ಕೇಳುವ ಮೊದಲು ಯಾವಾಗ ಬಿಡ್ತೀರಿ ಹೇಳಿ

ಪ್ರಶ್ನೆ: "ವೀಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಒಂದು, ಓಟಿಟಿ ಒಂದು ತಗೊಳ್ಳುವ ಅಂತ ಇದ್ದೇನೆ. ತಿಂಗಳ ಪ್ಲಾನ್ ಲಾಭವಾ, ವರ್ಷದ್ದಾ? 7 ದಿನ ಫ್ರೀ ಟ್ರಯಲ್ ಉಂಟು, ಆದ್ರೆ ಆಟೋ ರಿನ್ಯೂವಲ್ ಅಂದ್ರೆ ಹೆದರಿಕೆ."

ಅಯ್ಯೋ ಮಾರಾಯ್ರೆ, 2023ರ ನನ್ನನ್ನೇ ನೋಡಿದ ಹಾಗಾಯ್ತು. ನಾನು ಉಡುಪಿ ಹತ್ತಿರ ಫೋಟೋ ವೀಡಿಯೋ ಕೆಲಸ ಮಾಡುವವ. ನಮ್ಮ ಕೆಲಸ ಹೇಗೆ ಗೊತ್ತುಂಟಲ್ಲ, ದೀಪಾವಳಿ ಕಳೆದ್ರೆ ಮದುವೆ, ಕೋಲ, ಯಕ್ಷಗಾನದ ಆಟ, ಕಂಬಳ ಅಂತ ನಿದ್ದೆಗೂ ಪುರುಸೊತ್ತಿಲ್ಲ, ಮೇ ಕೊನೆಗೆ ಇದೆಲ್ಲ ನಿಲ್ಲುವ ಪತ್ತನಾಜೆ ಆದ್ರೆ ಮುಗೀತು, ಮತ್ತೆ ಮಳೆಯ ಆಟಿ ತಿಂಗಳು ಕಳೆಯುವವರೆಗೆ ಕ್ಯಾಮರಾಕ್ಕೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುದೇ ಕೆಲಸ.

2023ರ ನವೆಂಬರ್ 5ಕ್ಕೆ ಒಂದು ಎಡಿಟಿಂಗ್ ಸಾಫ್ಟ್‌ವೇರಿನ 7 ದಿನದ ಟ್ರಯಲ್ ತಗೊಂಡೆ. ಕಾರ್ಡ್ ನಂಬರ್ ಹಾಕಿ, ಓಟಿಪಿ ಕೊಟ್ಟು, ಆಯ್ತು. ತಿಂಗಳಿಗೆ 800 ಅಂತ ದೊಡ್ಡದಾಗಿ ಕಾಣ್ತಾ ಇತ್ತು, ಪಕ್ಕದಲ್ಲೇ 1,200ರದ್ದೂ ಒಂದು ಇತ್ತು, ಎರಡೂ ತಿಂಗಳದ್ದೇ, ಮತ್ತೆ ಯಾವ ಮರ್ಲ 1,200 ಕೊಡ್ತಾನೆ ಅಂತ ಮೊದಲೇ ಟಿಕ್ ಆಗಿದ್ದ 800ರದ್ದನ್ನೇ ಬಿಟ್ಟೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ Annual, billed monthly ಅಂತ ಇತ್ತು. ನಾನು ಓದಿದ್ದು monthly ಒಂದನ್ನೇ.

ಇಲ್ಲೇ ನಿಮ್ಮ ಪ್ರಶ್ನೆ ತಪ್ಪುದು. ತಿಂಗಳು, ವರ್ಷ ಅಂತ ಎರಡಲ್ಲ, ಮೂರು ಇರ್ತದೆ. ಒಂದು ನಿಜವಾದ ತಿಂಗಳದ್ದು, ಬೇಡ ಅಂದ್ರೆ ಮುಂದಿನ ತಿಂಗಳು ಬಿಡಬಹುದು. ಇನ್ನೊಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟುದು. ಇದರ ಮಧ್ಯೆ ಒಂದು ಉಂಟು, ವರ್ಷಕ್ಕೆ ಒಪ್ಪಿಕೊಂಡು ತಿಂಗಳು ತಿಂಗಳು ಕಂತು ಕಟ್ಟುದು. ಇದು ನೋಡ್ಲಿಕ್ಕೆ ತಿಂಗಳದ್ದರ ಹಾಗೆ, ಒಳಗೆ ಮಾತ್ರ ಫೈನಾನ್ಸಿನಲ್ಲಿ ಬೈಕ್ ತಗೊಂಡ ಹಾಗೆಯೇ. ನಾನು ತಗೊಂಡದ್ದರಲ್ಲಿ ಮಧ್ಯದಲ್ಲಿ ಬಿಟ್ರೆ ಉಳಿದ ಕಂತುಗಳ ಅರ್ಧ ಕಟ್ಟಬೇಕು ಅಂತ ಶರತ್ತು.

ಮೇ ಕೊನೆಗೆ ಕೆಲಸ ಮುಗೀತು, ಲ್ಯಾಪ್‌ಟಾಪ್‌ನಿಂದ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿದೆ. ಅಲ್ಲಿಗೆ ಕ್ಯಾನ್ಸಲ್ ಆಯ್ತು ಅಂತ ನನ್ನ ಲೆಕ್ಕ. ಆದ್ರೆ ಸಾಫ್ಟ್‌ವೇರ್ ಇರುದು ಲ್ಯಾಪ್‌ಟಾಪ್‌ನಲ್ಲಿ, ಸಬ್‌ಸ್ಕ್ರಿಪ್ಶನ್ ಇರುದು ಅವರ ವೆಬ್‌ಸೈಟಿನ ನಮ್ಮ ಅಕೌಂಟಿನಲ್ಲಿ. ಜುಲೈ ಕೊನೆಗೆ ಆಟಿಯ ಮಳೆಗೆ ಮನೆಯಲ್ಲೇ ಕೂತು ಸ್ಟೇಟ್‌ಮೆಂಟ್ ನೋಡುವಾಗ ಜೂನ್‌ದ್ದೂ ಹೋಗಿದೆ, ಜುಲೈದ್ದೂ ಹೋಗಿದೆ. ಕ್ಯಾನ್ಸಲ್ ಒತ್ತಿದೆ, ಉಳಿದ 3 ಕಂತಿನ ಅರ್ಧ ಅಂದ್ರೆ 1,200 ಕಟ್ಟಿ ಅಂತ ಬಂತು. ಉಪಯೋಗ ಮಾಡದ್ದಕ್ಕೆ ದಂಡ ಬೇರೆ ಕಟ್ಟುದಾ, ಸಾಯಲಿ, ವರ್ಷ ಮುಗಿದ ಮೇಲೆ ತನ್ನಷ್ಟಕ್ಕೆ ನಿಲ್ತದೆ ಅಂತ ವಿಂಡೋ ಕ್ಲೋಸ್ ಮಾಡಿದೆ. 1,200 ಉಳಿಸ್ಲಿಕ್ಕೆ ಹೋಗಿ 2,400ರ ಕಂತು ಕಟ್ಟಿದ ಬುದ್ಧಿವಂತ ನಾನು.

ಅದಾದ್ರೂ ಹೋಗಲಿ. ನಿಜವಾಗಿ ನನ್ನನ್ನು ಮುಳುಗಿಸಿದ್ದು "ತನ್ನಷ್ಟಕ್ಕೆ ನಿಲ್ತದೆ" ಅಂತ ಎಣಿಸಿದ್ದು. ಸ್ವಲ್ಪ ಉದ್ದ ಹೇಳ್ತೇನೆ, ಬೇಸರ ಮಾಡ್ಬೇಡಿ.

12ನೇ ಕಂತು, ಅಂದ್ರೆ ಕೊನೆಯದ್ದು, 2024ರ ಅಕ್ಟೋಬರ್ 12ಕ್ಕೆ ಹೋಯ್ತು. ವಿಜಯದಶಮಿ ದಿವಸ, ನಾನು ಹುಲಿವೇಷದ ಹಿಂದೆ ಕ್ಯಾಮರಾ ಹಿಡ್ಕೊಂಡು ಓಡ್ತಾ ಇದ್ದೆ. ಆ ದಿನದಿಂದ ನವೆಂಬರ್ 11ರವರೆಗೆ ಯಾವಾಗ ಕ್ಯಾನ್ಸಲ್ ಮಾಡಿದ್ರೂ ಒಂದು ಪೈಸೆ ದಂಡ ಇರಲಿಲ್ಲ, ಯಾಕಂದ್ರೆ ಬಾಕಿ ಕಂತೇ ಇಲ್ಲ. ವರ್ಷದಲ್ಲಿ ಪುಕ್ಕಟೆಯಾಗಿ ಹೊರಗೆ ಬರ್ಲಿಕ್ಕೆ ಇದ್ದದ್ದು ಅದೊಂದೇ ತಿಂಗಳು. ನಾನು ಮಾಡ್ಲಿಲ್ಲ. ನವೆಂಬರ್ 12ಕ್ಕೆ ಮತ್ತೆ 800 ಹೋಯ್ತು, ಅದು ಹೊಸ ವರ್ಷದ ಮೊದಲ ಕಂತು.

ಮೆಸೇಜ್ ಬರಲಿಲ್ವಾ ಅಂತ ಕೇಳ್ಬಹುದು. ಬಂದಿತ್ತು. ಕಾರ್ಡಿನಿಂದ ತನ್ನಷ್ಟಕ್ಕೆ ದುಡ್ಡು ಹೋಗುವ ಮೊದಲು ಕನಿಷ್ಠ 24 ಗಂಟೆ ಮುಂಚೆ ತಿಳಿಸ್ಬೇಕು ಅಂತ ಆರ್‌ಬಿಐ ನಿಯಮ 2021ರ ಅಕ್ಟೋಬರ್‌ನಿಂದ ಉಂಟು. ಆದ್ರೆ ಬ್ಯಾಂಕಿನ ಮೆಸೇಜಿನಲ್ಲಿ ಇದ್ದದ್ದು ನಾಳೆ 800 ಹೋಗ್ತದೆ ಅಂತ ಮಾತ್ರ, ಹೊಸ ವರ್ಷದ ಒಪ್ಪಂದ ಶುರು ಅಂತ ಇಲ್ಲ. ಪ್ರತಿ ತಿಂಗಳ ಮೆಸೇಜಿನ ಹಾಗೇ ಅದೂ ಒಂದು. ಒಟ್ಟಿಗೆ ಕಟ್ಟುವ ಪ್ಲಾನ್ ಆಗಿದ್ರೆ 9,600 ಅಂತ ಬರ್ತಿತ್ತು, ನಾನು ಕೂತಲ್ಲಿಂದ ಹಾರಿ ಬೀಳ್ತಿದ್ದೆ. ಓಟಿಪಿಯೂ ಕೇಳುದಿಲ್ಲ, ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000ದವರೆಗೆ ಹಾಗೇ ಹೋಗ್ತದೆ.

ಗೊತ್ತಾದದ್ದು ನವೆಂಬರ್ 28ಕ್ಕೆ. ದುಡ್ಡು ವಾಪಸ್ ಕೇಳ್ಲಿಕ್ಕೆ 14 ದಿನ ಇತ್ತು, ಅದು ದಾಟಿ ಎರಡು ದಿನ ಆಗಿತ್ತು. ಬಾಕಿ 11 ಕಂತು, 8,800, ಅದರ ಅರ್ಧ 4,400. ಅಷ್ಟರಲ್ಲಿ ನಾನು ಪುಕ್ಕಟೆ ಸಿಗುವ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿಗೆ ಹೋಗಿ ಆಗಿತ್ತು, ಇದು ಬೇಕಾಗಿಯೇ ಇರಲಿಲ್ಲ. ದೋಸ್ತಿಯೊಬ್ಬ ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್, ಅಂದ್ರೆ ದುಡ್ಡು ತನ್ನಷ್ಟಕ್ಕೆ ಹೋಗ್ಲಿಕ್ಕೆ ಕೊಟ್ಟ ಒಪ್ಪಿಗೆ, ತೆಗೆದು ಹಾಕು ಅಂದ. ಅದು ದುಡ್ಡು ಹೋಗುದನ್ನು ನಿಲ್ಲಿಸ್ತದೆ, ಒಪ್ಪಂದವನ್ನಲ್ಲ. ಮೊದಲು ಅವರ ಸೈಟಿನಲ್ಲಿ ಕ್ಯಾನ್ಸಲ್ ಮಾಡಿ ಈಮೇಲ್ ಬಂದ ಮೇಲೆ ಮ್ಯಾಂಡೇಟ್ ತೆಗೀಬೇಕು. ನಾನು 4,400 ಕಟ್ಟಿಯೇ ಹೊರಗೆ ಬಂದೆ.

ಒಟ್ಟು 14,800 ಹೋಯ್ತು. ಆ ಜಾಸ್ತಿ ಅಂತ ಕಾಣ್ತಿದ್ದ 1,200ರದ್ದನ್ನೇ ತಗೊಂಡು 7 ತಿಂಗಳು ಕಟ್ಟಿ ಬಿಟ್ಟಿದ್ರೆ 8,400. ಇನ್ನೂ ತಮಾಷೆ ಎಂತ ಅಂದ್ರೆ, ಇದೇ 800ರದ್ದನ್ನು ಮೇ ಕೊನೆಗೆ ದಂಡ ಕಟ್ಟಿ ಬಿಟ್ಟಿದ್ರೆ 5,600ಕ್ಕೆ 2,000 ಸೇರಿ 7,600ರಲ್ಲಿ ಮುಗೀತಿತ್ತು! ದಂಡ ಸಮೇತ ಅದೇ ಕಡಿಮೆ. ಆ ರೇಟಿನಲ್ಲಿ ಸರಿಯಾಗಿ 6 ತಿಂಗಳಿಗೆ ಎರಡೂ 7,200 ಆಗ್ತದೆ, ಅದಕ್ಕಿಂತ ಕಡಿಮೆ ತಿಂಗಳಾದ್ರೆ ನಿಜವಾದ ತಿಂಗಳದ್ದು, ಜಾಸ್ತಿ ಆದ್ರೆ ವರ್ಷದ ಕಂತಿಂದು. ನಿಮ್ಮದಕ್ಕೂ ಹೀಗೇ ಒಂದು ಚೀಟಿಯಲ್ಲಿ ಲೆಕ್ಕ ಹಾಕಿ, ವರ್ಷಕ್ಕೆ ಎಷ್ಟು ತಿಂಗಳು ಕೆಲಸ ಉಂಟು ಅಂತ ಮಾತ್ರ ಸುಳ್ಳು ಹೇಳಿಕೊಳ್ಬೇಡಿ.

ಟ್ರಯಲ್ ತಗೊಳ್ಳಿ, ಹೆದರುದು ಬೇಡ. ಆದ್ರೆ ಕಾರ್ಡ್ ಹಾಕುವ ಮೊದಲು ಟ್ರಯಲ್ ಮುಗಿದ ಮೇಲೆ ಯಾವ ಪ್ಲಾನ್ ಶುರು ಆಗ್ತದೆ ಅಂತ ನೋಡಿ ಆ ಪೇಜಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಫೋನಿನಲ್ಲಿ ಎರಡು ತಾರೀಕು ಹಾಕಿ, ಒಂದು ಟ್ರಯಲ್ ಮುಗಿಯುವ ಎರಡು ದಿನ ಮೊದಲು, ಇನ್ನೊಂದು ಕೊನೆಯ ಕಂತು ಹೋದ ಮಾರನೆ ದಿನ. ಎರಡನೆಯದ್ದನ್ನು ಯಾರೂ ಹಾಕುದಿಲ್ಲ.

ಓಟಿಟಿಗೆ ಇಷ್ಟು ಮಂಡೆಬಿಸಿ ಬೇಡ. ಅಲ್ಲಿ ಸಾಮಾನ್ಯವಾಗಿ ಕ್ಯಾನ್ಸಲ್ ಮಾಡಿದ್ರೂ ಕಟ್ಟಿದ ಅವಧಿ ಮುಗಿಯುವವರೆಗೆ ನೋಡ್ಬಹುದು, ಹಾಗಾಗಿ ನಾನು ಒಂದು ತಿಂಗಳದ್ದು ತಗೊಂಡ ದಿನವೇ ಕ್ಯಾನ್ಸಲ್ ಒತ್ತಿಬಿಡ್ತೇನೆ, ಎಷ್ಟು ತಾರೀಕಿನವರೆಗೆ ನಡೀತದೆ ಅಂತ ಅಲ್ಲೇ ತೋರಿಸ್ತದೆ. ವರ್ಷದ್ದು ತಗೊಂಡು ಎಂತ ಮಾಡುದು, ನವೆಂಬರ್‌ನಿಂದ ಮೇವರೆಗೆ ನಮ್ಮ ಮನೆಯಲ್ಲಿ ಟಿವಿ ಎದುರು ಕೂರುವವರೇ ಇಲ್ಲ. ಆಟಿಗೆ ಒಂದು ತಿಂಗಳು ತಗೊಳ್ತೇವೆ, ಅಮ್ಮ ಹಪ್ಪಳ ಸುಡ್ತಾರೆ, ಬಾಕಿ ಇದ್ದದ್ದೆಲ್ಲ ಆಗಲೇ ನೋಡಿ ಮುಗಿಸುದು.