ಹೊಟ್ಟೆಯಲ್ಲಿ ನೀರು: ಟಾನಿಕ್ ಆಮೇಲೆ, ಮೊದಲು ಪರದೆ ಇಳಿಸಿ

"ಅಣ್ಣ, ಬ್ರಾಯ್ಲರ್‌ಗೆ 32ನೇ ದಿನ. ದಪ್ಪ ಹುಂಜಗಳೇ ಸಾಯ್ತಿವೆ, ಕೊಯ್ದರೆ ಹೊಟ್ಟೆ ತುಂಬ ನೀರು. ಚಳಿ ಅಂತ ಪರದೆ ಪೂರ್ತಿ ಮುಚ್ಚಿದ್ದೀನಿ. ಯಾವ ಲಿವರ್ ಟಾನಿಕ್ ಕೊಡಲಿ?"

ಟಾನಿಕ್‌ಗೆ ದುಡ್ಡು ಸುರಿಯಬೇಡಿ. ಲಿವರ್ ಊದಿರುವುದು ನಿಜ, ಆದರೆ ಕೆಟ್ಟಿರುವುದು ಹೃದಯ. ಮುಂದಿನ ಸಲ ಕೊಯ್ದಾಗ ನೋಡಿ, ಹೃದಯದ ಬಲಭಾಗ ಉಬ್ಬಿ ಜೋಲು ಬಿದ್ದಿರುತ್ತದೆ. ಬೇಗ ಬೆಳೆಯುವ ಹಕ್ಕಿಗೆ ಆಮ್ಲಜನಕ ಜಾಸ್ತಿ ಬೇಕು. ಸಾಲದಿದ್ದರೆ ಹೃದಯ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಸೋಲುತ್ತದೆ. ರಕ್ತ ಹಿಂದೆ ನಿಂತು, ಲಿವರ್‌ನಿಂದ ನೀರು ಸೋರುತ್ತದೆ.

ಇದೇ ಪ್ರಶ್ನೆಗೆ ಒಬ್ಬರು "ಚಳಿಯೇ ಕಾರಣ, ಇನ್ನೂ ಬಿಗಿಯಾಗಿ ಮುಚ್ಚಿ" ಅಂದಿದ್ದಾರೆ. ಅರ್ಧ ಸರಿ. ಚಳಿಗೆ ಮೈ ಬಿಸಿ ಇಡಲು ಆಮ್ಲಜನಕ ಇನ್ನಷ್ಟು ಬೇಕು. ಆದರೆ ಮುಚ್ಚಿದ ಶೆಡ್ಡಿನಲ್ಲಿ ಅದು ಎಲ್ಲಿಂದ ಬರಬೇಕು?

ನಾನೂ ಇದೇ ತಪ್ಪು ಮಾಡಿದವನೇ. ಮಡಿಕೇರಿ ಹತ್ತಿರ, ಸಾವಿರ ಮೀಟರಿಗಿಂತ ಎತ್ತರ, ಡಿಸೆಂಬರ್ ಬ್ಯಾಚು, 1,500 ಮರಿ. ನಾಲ್ಕು ಕಡೆ ಟಾರ್ಪಾಲು, ಒಳಗೆ ಇದ್ದಿಲ ಒಲೆ. ಹದಿನೈದು ದಿನ ಒಂದೂ ಸಾಯಲಿಲ್ಲ, ಬೀಗುತ್ತಿದ್ದೆ. 28ನೇ ದಿನದಿಂದ ಶುರುವಾಯಿತು. ಜುಟ್ಟು ನೀಲಿ, ಬಿಸಿಲಿಲ್ಲದೆ ಏದುಸಿರು, ಎತ್ತಿದರೆ ಹೊಟ್ಟೆ ನೀರಿನ ಚೀಲದ ಹಾಗೆ. ಮಾರುವಷ್ಟರಲ್ಲಿ 90 ಹೋದವು. ಪೆಟ್ಟು ಬಿದ್ದದ್ದು ಮರಿಯಿದ್ದಾಗ, ಕಂಡದ್ದು ಈಗ. ಹಾಗಾಗಿ ನಿಮ್ಮಲ್ಲಿ ಈಗಾಗಲೇ ಹೊಟ್ಟೆ ಊದಿದವು ಉಳಿಯುವುದು ಕಷ್ಟ. ತೂಕವಿದೆ ಅಂತ ಕಾಯಬೇಡಿ.

ಪರದೆಯ ಬುಡವನ್ನು ಕೆಳಗೆ ಕಟ್ಟಿ, ಮೇಲಿನಿಂದ ಇಳಿಯುವ ಹಾಗೆ ಮಾಡಿ. ರಾತ್ರಿಯೂ ಮೇಲೆ ಒಂದಡಿ ಸಂದು ಇರಲಿ. ಗಾಳಿ ನೇರ ಹಕ್ಕಿಗೆ ಹೊಡೆಯುವುದಿಲ್ಲ. ಮುಂದಿನ ಬ್ಯಾಚಿಗೆ ಮರಿಗಳ ಸುತ್ತ ಮಾತ್ರ ಒಳಪರದೆ ಕಟ್ಟಿ, ಶಾಖ ಅಲ್ಲಿ ಸಾಕು. ಒಲೆಯ ಹೊಗೆ ಹೊರಗೆ ಹೋಗಲೇಬೇಕು. ಬೆಳಿಗ್ಗೆ ಒಳಗೆ ಹೋದ ತಕ್ಷಣ ಮರಿಯ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ. ಕಣ್ಣು ಉರಿದರೆ ಅಮೋನಿಯ ಜಾಸ್ತಿಯಾಗಿದೆ. ಐದು ನಿಮಿಷ ಬಿಟ್ಟರೆ ಮೂಗಿಗೆ ಅಭ್ಯಾಸವಾಗಿ ಏನೂ ಗೊತ್ತಾಗಲ್ಲ.

ಬೆಳವಣಿಗೆಯ ಓಟ ತಗ್ಗಿಸಲು ನಾನು ಈಗ 8ರಿಂದ 21ನೇ ದಿನದವರೆಗೆ ರಾತ್ರಿ ಆರು ಗಂಟೆ ದೀಪ ಆರಿಸಿ ಫೀಡ್ ಎತ್ತುತ್ತೇನೆ, ನೀರು ಇರುತ್ತದೆ. ಆ ದಿನಗಳಲ್ಲಿ ಪೆಲೆಟ್ ಬದಲು ಮ್ಯಾಶ್. ತೂಕ ಸ್ವಲ್ಪ ಹಿಂದೆ ಬೀಳುತ್ತದೆ, ಆಮೇಲೆ ಬಹುಪಾಲು ಹಿಡಿಯುತ್ತವೆ. ಆದರೆ ಫೀಡರ್ ಕಡಿಮೆ ಇದ್ದರೆ ಬೆಳಿಗ್ಗೆ ಮೈಮೇಲೆ ಬಿದ್ದು ಪರಚಿಕೊಳ್ಳುತ್ತವೆ. ಕಾಂಟ್ರಾಕ್ಟಿನಲ್ಲಿದ್ದರೆ ಸೂಪರ್‌ವೈಸರ್ ಒಪ್ಪಬೇಕಲ್ವಾ, ಮೊದಲೇ ಕೇಳಿ. ಕಾಬ್ ತಳಿ ಒಳ್ಳೇದಾ ರಾಸ್ ತಳಿ ಒಳ್ಳೇದಾ ಅಂತ ಇಲ್ಲಿ ಜಗಳ ಬೇಡ, ಉಸಿರು ಕಟ್ಟಿದರೆ ಎರಡೂ ಸಾಯುತ್ತವೆ.

ಮತ್ತೊಬ್ಬರ ಹಕ್ಕಿ ತಿನ್ನುತ್ತಾ ಇದ್ದದ್ದು ರೆಕ್ಕೆ ಬಡಿದು, ಬೆನ್ನ ಮೇಲೆ ಬಿದ್ದು ಸತ್ತಿದೆ. ಕುತ್ತಿಗೆಯ ಮೇವಿನ ಚೀಲ ತುಂಬಿತ್ತು, ಹೊಟ್ಟೆಯಲ್ಲಿ ನೀರಿರಲಿಲ್ಲ. ಅದು ಸಡನ್ ಡೆತ್, ಇದಲ್ಲ. ಅಲ್ಲೂ ಬೆಳವಣಿಗೆಯ ಓಟ ತಗ್ಗಿಸಿದರೆ ಕಡಿಮೆಯಾಗುತ್ತದೆ.

ನಿಮ್ಮದು ಬೋರ್‌ವೆಲ್ ನೀರಾ? ಉಪ್ಪಿದ್ದರೂ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಟೆಸ್ಟ್ ಮಾಡಿಸಿ. ಅಲ್ಲಿಯವರೆಗೆ ದಿನಾ ಎಲೆಕ್ಟ್ರೋಲೈಟ್ ಹಾಕುವುದು ನಿಲ್ಲಿಸಿ.